ಹೋದ ವರ್ಷ ₹2,110, ಈ ವರ್ಷ ₹10,943: ವೆಬ್‌ಸೈಟ್ ರಿನ್ಯೂವಲ್ ಬಿಲ್ ಬಂದಾಗ ಏನು ಮಾಡಬೇಕು?

ಪುತ್ತೂರಿನ ಹತ್ತಿರ ನಮ್ಮ ಭಾವನಿಗೆ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ಇದೆ. 2024ರ ಸೆಪ್ಟೆಂಬರಿನಲ್ಲಿ ಒಂದು ವೆಬ್‌ಸೈಟ್ ಮಾಡಿಸಿದರು. ಐದು ಪುಟ, ತಟ್ಟೆಗಳ ಫೋಟೊ, ದರಪಟ್ಟಿ, ಒಂದು ವಿಚಾರಣೆ ಫಾರ್ಮ್. ಜೊತೆಗೆ ಆ ಹೆಸರಿನಲ್ಲೇ ಎರಡು ಮೇಲ್ ಐಡಿ. 2025ರ ಆಗಸ್ಟ್ 7ರಂದು ರಿನ್ಯೂವಲ್ ಬಿಲ್ ಬಂತು. ಸಂಜೆಯೇ ಫೋನ್ ಮಾಡಿದರು. "ಇದೆಂತದು ಮಾರಾಯ, ಹೋದ ವರ್ಷ ಎರಡು ಸಾವಿರ ಕೊಟ್ಟದ್ದು. ಈಗ ಹನ್ನೊಂದು ಸಾವಿರದ ಹತ್ತಿರ ಕೇಳ್ತಾರೆ. ಕೊಡದಿದ್ರೆ ಸೈಟ್ ಹೋಗ್ತದಾ?"

ಸೈಟ್ ಹೋಗಲಿಲ್ಲ. ಹನ್ನೊಂದು ಸಾವಿರವನ್ನೂ ಕೊಡಲಿಲ್ಲ. ಆದರೆ ಅದಕ್ಕೆ ಮೂರು ವಾರ ಬೇಕಾಯಿತು, ಮತ್ತು ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ಬಹಳ ಮುಖ್ಯವಾಯಿತು. ಇಂಥ ಬಿಲ್ ನಿಮಗೂ ಬಂದಿದ್ದರೆ, ನಾವು ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಮೊದಲು ಬಿಲ್ಲನ್ನು ಬಿಡಿಸಿ ನೋಡಿ

ಒಟ್ಟು ಮೊತ್ತ ನೋಡಿ ಗಾಬರಿಯಾಗುವುದು ಸಹಜ. ಆದರೆ ಆ ಮೊತ್ತದೊಳಗೆ ಬೇರೆ ಬೇರೆ ವಸ್ತುಗಳಿವೆ. ಡೊಮೇನ್ ಅಂದರೆ ಹೆಸರು. ಹೋಸ್ಟಿಂಗ್ ಅಂದರೆ ಆ ಹೆಸರಿನ ಸೈಟ್ ಇರುವ ಜಾಗ. ಇವೆರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡಿರುವುದರಿಂದ ಒಂದೇ ಅನ್ನಿಸುತ್ತದೆ, ಅಷ್ಟೆ. ಹೆಸರನ್ನು ಒಂದು ಕಂಪನಿಯಲ್ಲಿಟ್ಟು ಜಾಗವನ್ನು ಇನ್ನೊಂದರಲ್ಲಿ ಬಾಡಿಗೆಗೆ ಹಿಡಿಯಬಹುದು.

ಭಾವನ ಬಿಲ್ ಹೀಗಿತ್ತು. ಹೋಸ್ಟಿಂಗ್ ತಿಂಗಳಿಗೆ ₹499ರಂತೆ ವರ್ಷಕ್ಕೆ ₹5,988. ಡೊಮೇನ್ ₹1,499. ಮಾಲೀಕರ ವಿಳಾಸ ಮುಚ್ಚಿಡುವ ಪ್ರೈವೆಸಿ ಸೇವೆಗೆ ₹599. ಬ್ಯಾಕಪ್ ಸೇವೆಗೆ ₹1,188. ಒಟ್ಟು ₹9,274, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ₹10,943.

ಹಿಂದಿನ ವರ್ಷದ ಬಿಲ್ಲಿನಲ್ಲಿ ಹೋಸ್ಟಿಂಗ್ ತಿಂಗಳಿಗೆ ₹149 ಇತ್ತು. ವರ್ಷಕ್ಕೆ ₹1,788, ತೆರಿಗೆ ಸೇರಿ ₹2,110. ಡೊಮೇನ್, ಪ್ರೈವೆಸಿ, ಬ್ಯಾಕಪ್ ಮೂರಕ್ಕೂ ಸೊನ್ನೆ ಎಂದು ಬರೆದಿತ್ತು. ಆ ಸೊನ್ನೆ ಮೊದಲ ವರ್ಷಕ್ಕೆ ಮಾತ್ರ. ಸಣ್ಣ ಅಕ್ಷರದಲ್ಲಿ ಅದನ್ನೂ ಬರೆದಿದ್ದರು. ನಮ್ಮಲ್ಲಿ ಯಾರೂ ಓದಿರಲಿಲ್ಲ.

ಹೀಗೆ ಬಿಡಿಸಿದ ಕೂಡಲೇ ಒಂದು ವಿಷಯ ಕಾಣುತ್ತದೆ. ದೊಡ್ಡ ಏರಿಕೆ ಇರುವುದು ಹೆಸರಿನಲ್ಲಲ್ಲ, ಜಾಗದ ಬಾಡಿಗೆಯಲ್ಲಿ. ಮತ್ತು ₹1,787 ಹೋಗುತ್ತಿರುವುದು ನಾವು ಕೇಳದೇ ಇದ್ದ ಎರಡು ಸೇವೆಗಳಿಗೆ.

ಇನ್ನೊಂದು ಮಾತು. ಬಿಲ್ ಬಂದಿರುವುದು ನಿಮ್ಮ ಕಂಪನಿಯಿಂದಲೇ ಹೌದಾ ಎಂದು ನೋಡಿಕೊಳ್ಳಿ. ಅವಧಿ ಮುಗಿಯುವ ಹೊತ್ತಿಗೆ ಸಂಬಂಧವೇ ಇಲ್ಲದವರು 'ನಿಮ್ಮ ಡೊಮೇನ್ ನಿಂತುಹೋಗುತ್ತದೆ' ಎಂದು ಬಿಲ್ಲಿನ ಹಾಗೇ ಕಾಣುವ ಮೇಲ್ ಕಳಿಸುವುದುಂಟು. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. ಕಂಪನಿಯ ಸೈಟಿಗೆ ನೀವೇ ಹೋಗಿ ಲಾಗಿನ್ ಆಗಿ ನೋಡಿ.

ಹೆಸರಿನ ಅಸಲು ಬೆಲೆ ಎಷ್ಟು?

ಚೌಕಾಸಿ ಮಾಡುವ ಮುಂಚೆ ಇದು ಗೊತ್ತಿರಬೇಕು. `.com` ಹೆಸರುಗಳ ಮೂಲ ಪಟ್ಟಿಯನ್ನು ನಡೆಸುವುದು ವೆರಿಸೈನ್ ಎಂಬ ಅಮೆರಿಕದ ಕಂಪನಿ. ನಾವು ದುಡ್ಡು ಕೊಡುವ ಕಂಪನಿಗಳು ಅದರ ಕೈಕೆಳಗಿನ ಚಿಲ್ಲರೆ ಅಂಗಡಿಗಳಿದ್ದ ಹಾಗೆ. ಅವಕ್ಕೆ ರಿಜಿಸ್ಟ್ರಾರ್ ಎನ್ನುತ್ತಾರೆ. 2024ರ ಸೆಪ್ಟೆಂಬರ್ 1ರಿಂದ ವೆರಿಸೈನ್ ಒಂದು ಹೆಸರಿಗೆ ವರ್ಷಕ್ಕೆ 10.26 ಡಾಲರ್ ತೆಗೆದುಕೊಳ್ಳುತ್ತಿತ್ತು. ಅದರ ಮೇಲೆ ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಶುಲ್ಕ 2025ರ ಜುಲೈನಿಂದ 20 ಸೆಂಟ್. ಅಂದರೆ ಭಾವನ ಬಿಲ್ ಬಂದ ಹೊತ್ತಿಗೆ ಅಸಲು 10.46 ಡಾಲರ್, ನಮ್ಮ ರೂಪಾಯಿಯಲ್ಲಿ ₹915ರ ಆಸುಪಾಸು.

ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಮೊದಲ ವರ್ಷ ₹99ಕ್ಕೆ `.com` ಕೊಡುವ ಕಂಪನಿ ನಷ್ಟದಲ್ಲೇ ಕೊಡುತ್ತಿದೆ. ಎರಡನೇ ವರ್ಷದಿಂದ ಅದನ್ನು ವಸೂಲಿ ಮಾಡುವುದೇ ಅವರ ಲೆಕ್ಕ. ಹಾಗೆಯೇ ₹99ಕ್ಕೆ ರಿನ್ಯೂ ಮಾಡಿಕೊಡಿ ಎಂದು ನಾವು ಯಾರನ್ನೂ ಕೇಳುವಂತಿಲ್ಲ. ಸಾವಿರ ರೂಪಾಯಿಯ ಆಸುಪಾಸಿನ ಬೆಲೆ ನ್ಯಾಯವಾದದ್ದು. ಒಂದೂವರೆ ಸಾವಿರ ಜಾಸ್ತಿ. ಅದರ ಮೇಲೆ ಪ್ರೈವೆಸಿಗೆ ಬೇರೆ ದುಡ್ಡು ಕೇಳುವುದು ಇನ್ನೂ ಜಾಸ್ತಿ, ಯಾಕೆಂದರೆ ಬಹಳ ರಿಜಿಸ್ಟ್ರಾರ್‌ಗಳು ಅದನ್ನು ಪುಕ್ಕಟೆ ಕೊಡುತ್ತಾರೆ. ಕ್ಲೌಡ್‌ಫ್ಲೇರ್‌ನಂಥ ಕಂಪನಿ ಹೆಸರನ್ನು ಅಸಲಿಗೇ ಮಾರುತ್ತದೆ. ಆದರೆ ಅಲ್ಲಿ ನೇಮ್‌ಸರ್ವರ್, ಅಂದರೆ ಆ ಹೆಸರಿನ ಸೈಟ್, ಮೇಲ್ ಎಲ್ಲಿದೆ ಎಂದು ದಾರಿ ತೋರಿಸುವ ಸರ್ವರ್, ಅವರದ್ದನ್ನೇ ಬಳಸಬೇಕು ಎಂಬ ಷರತ್ತಿದೆ.

`.online`, `.store`, `.xyz` ತರಹದ ಹೊಸ ವಿಸ್ತರಣೆಗಳಲ್ಲಿ ಮೊದಲ ವರ್ಷಕ್ಕೂ ಎರಡನೇ ವರ್ಷಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಅಲ್ಲಿ ಮೂಲ ಬೆಲೆಯೇ ಜಾಸ್ತಿ ಇರುವುದರಿಂದ ಅಂಗಡಿ ಬದಲಿಸಿದರೂ ಉಳಿತಾಯ ಕಡಿಮೆ. ನಿಮ್ಮ ಹೆಸರು `.in` ಆಗಿದ್ದರೆ ಅದರ ಮೂಲ ಪಟ್ಟಿ ಭಾರತದ ನಿಕ್ಸಿ ಸಂಸ್ಥೆಯದು. ಅಲ್ಲೂ ರಿಜಿಸ್ಟ್ರಾರ್ ಬದಲಿಸಬಹುದು, ಮತ್ತು ಹೋಲಿಸಬೇಕಾದ್ದು ರಿನ್ಯೂವಲ್ ಬೆಲೆಯನ್ನೇ.

ತಾರೀಖು ಬರೆದಿಟ್ಟುಕೊಳ್ಳಿ, ಆಟೋ ರಿನ್ಯೂ ನಿಲ್ಲಿಸಿ

`lookup.icann.org` ಎಂಬ ಪುಟದಲ್ಲಿ ನಿಮ್ಮ ಡೊಮೇನ್ ಹಾಕಿದರೆ ಅವಧಿ ಮುಗಿಯುವ ದಿನ ಕಾಣುತ್ತದೆ. ಅಲ್ಲಿ `Registry Expiration` ಎಂದಿರುವುದನ್ನು ನೋಡಿ. ಹೋಸ್ಟಿಂಗಿನ ಕೊನೆಯ ದಿನ ಕಂಪನಿಯ ಖಾತೆಯೊಳಗೆ ಮಾತ್ರ ಸಿಗುತ್ತದೆ. ಎರಡೂ ಒಂದೇ ದಿನ ಇರಬೇಕೆಂದೇನಿಲ್ಲ. ಭಾವನದು ಎರಡೂ ಸೆಪ್ಟೆಂಬರ್ 14.

ಆಗಸ್ಟ್ 7ರಿಂದ ಲೆಕ್ಕ ಹಾಕಿದರೆ 38 ದಿನ. ಆದರೆ ನಿಜವಾಗಿ ನಮಗಿದ್ದದ್ದು 23 ದಿನ. ಯಾಕೆಂದರೆ ಆ ಕಂಪನಿ ಅವಧಿ ಮುಗಿಯುವ 15 ದಿನ ಮುಂಚೆಯೇ ಕಾರ್ಡಿನಿಂದ ದುಡ್ಡು ತೆಗೆಯುತ್ತದೆ ಎಂದು ಷರತ್ತಿನ ಪುಟದಲ್ಲಿ ಇತ್ತು. ಇಂಥ ಮುಂಗಡ ವಸೂಲಿ ಹೋಸ್ಟಿಂಗಿನಲ್ಲಿ ಸಾಮಾನ್ಯ. ಹಾಗಾಗಿ ಕೊನೆಯ ದಿನಾಂಕಕ್ಕಿಂತ ದುಡ್ಡು ಕಡಿತವಾಗುವ ದಿನಾಂಕ ಮುಖ್ಯ.

ಆಟೋ ರಿನ್ಯೂವನ್ನು ಎರಡು ಕಡೆ ನಿಲ್ಲಿಸಬೇಕು. ಒಂದು, ಕಂಪನಿಯ ಖಾತೆಯಲ್ಲಿ. ಅಲ್ಲಿ ಡೊಮೇನ್, ಹೋಸ್ಟಿಂಗ್, ಪ್ರೈವೆಸಿ, ಬ್ಯಾಕಪ್ ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ ಇರಬಹುದು. ಹೋಸ್ಟಿಂಗಿನದ್ದು ಒಂದನ್ನು ಆರಿಸಿದರೆ ಉಳಿದವು ಆರುವುದಿಲ್ಲ. ಎರಡು, ಬ್ಯಾಂಕಿನಲ್ಲಿ ಅಥವಾ ಯುಪಿಐ ಆ್ಯಪ್‌ನಲ್ಲಿ. ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಆ ಮ್ಯಾಂಡೇಟ್ ಇದ್ದರೆ ರದ್ದು ಮಾಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ: ಹೀಗೆ ತಾನಾಗಿ ಕಡಿತವಾಗುವ ದುಡ್ಡಿಗೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕ್ ತಿಳಿಸಬೇಕು, ಬೇಡ ಎನ್ನುವ ಅವಕಾಶವನ್ನೂ ಕೊಡಬೇಕು. ಆ ಮೆಸೇಜನ್ನು ಜಾಹೀರಾತು ಎಂದುಕೊಂಡು ಅಳಿಸಬೇಡಿ.

ಒಂದು ಎಚ್ಚರಿಕೆ. ಆಟೋ ರಿನ್ಯೂ ನಿಲ್ಲಿಸಿದ ಮೇಲೆ ಸುಮ್ನೆ ಕೂರುವ ಹಾಗಿಲ್ಲ. ಹೋಸ್ಟಿಂಗ್ ನಿಂತರೆ ಬ್ಯಾಕಪ್‌ನಿಂದ ಮತ್ತೆ ಕಟ್ಟಬಹುದು. ಹೆಸರು ಕೈತಪ್ಪಿದರೆ ವಾಪಸ್ ಬರುವ ಗ್ಯಾರಂಟಿ ಇಲ್ಲ. `.com` ಹೆಸರು ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನ ಹಳೆಯ ಕಂಪನಿಯ ಕೈಯಲ್ಲಿರುತ್ತದೆ. ಅವರು ಅಷ್ಟು ದಿನ ಕಾಯಲೇಬೇಕೆಂದಿಲ್ಲ. ಅವರು ಅಳಿಸಿದ ಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ, ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಆ ದಂಡ ಒಂದು ವರ್ಷದ ಶುಲ್ಕಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ.

ಕೊನೆಯ ದಿನಕ್ಕೆ ಹತ್ತು ದಿನವೂ ಉಳಿದಿಲ್ಲ ಎಂದಾದರೆ ನನ್ನ ಸಲಹೆ ನೇರ: ಡೊಮೇನನ್ನು ಮಾತ್ರ ಅದೇ ಕಂಪನಿಯಲ್ಲಿ ಒಂದು ವರ್ಷಕ್ಕೆ ರಿನ್ಯೂ ಮಾಡಿಬಿಡಿ. ಐನೂರು ರೂಪಾಯಿ ಜಾಸ್ತಿ ಹೋದರೂ ಹೋಗಲಿ. ಹೋಸ್ಟಿಂಗ್ ಬಗ್ಗೆ ಮಾತ್ರ ಯೋಚಿಸಿ.

ಕೇಳಿ ನೋಡಿ, ಆದರೆ ಲೆಕ್ಕ ಹಾಕಿ

ಬಿಟ್ಟುಹೋಗುವ ಮುಂಚೆ ಅದೇ ಕಂಪನಿಯ ಚಾಟ್‌ನಲ್ಲಿ ಕೇಳಬೇಕು. ಬೆಲೆ ಜಾಸ್ತಿಯಾಯಿತು ಎಂದಷ್ಟೇ ಹೇಳಿದರೆ ಸಿದ್ಧ ಉತ್ತರ ಬರುತ್ತದೆ. ಹೋಸ್ಟಿಂಗ್ ರದ್ದು ಮಾಡುತ್ತಿದ್ದೇನೆ, ಡೊಮೇನ್ ವರ್ಗಾಯಿಸುತ್ತಿದ್ದೇನೆ, ಅದಕ್ಕಿಂತ ಮುಂಚೆ ನೀವು ಕೊಡಬಹುದಾದ ಬೆಲೆ ಏನು ಎಂದು ಕೇಳಿ. ಆಗ ಮಾತು ಬೇರೆ ಆಗುತ್ತದೆ.

ಭಾವನಿಗೆ ಹೋಸ್ಟಿಂಗ್ ಮೇಲೆ ಶೇ. 30 ಕಡಿತ ಕೊಡುತ್ತೇವೆ ಎಂದರು. ಕೇಳಲು ಚೆನ್ನಾಗಿತ್ತು. ಆದರೆ ಮೂರು ವರ್ಷದ ದುಡ್ಡು ಒಟ್ಟಿಗೆ ಕೊಡಬೇಕಿತ್ತು. ಮೂರು ವರ್ಷಕ್ಕೆ ₹17,964, ಅದರಲ್ಲಿ ಶೇ. 30 ಕಳೆದರೆ ₹12,575, ಜಿಎಸ್‌ಟಿ ಸೇರಿ ₹14,838. ಡೊಮೇನ್ ಇದರಲ್ಲಿ ಸೇರಿಲ್ಲ. ಐದು ಪುಟದ ಸೈಟಿಗೆ ವರ್ಷಕ್ಕೆ ಐದು ಸಾವಿರದ ಹತ್ತಿರ ಆಗಲೂ ಹೋಗುತ್ತದೆ. ಜೊತೆಗೆ ನಾಲ್ಕನೇ ವರ್ಷ ಮತ್ತೆ ಇದೇ ಕಥೆ. ಭಾವ ಬೇಡ ಎಂದರು. ನಿಮಗೆ ಒಂದು ವರ್ಷಕ್ಕೇ ಒಳ್ಳೆಯ ಬೆಲೆ ಸಿಕ್ಕಿದರೆ ಇರಬಹುದು, ತಪ್ಪಿಲ್ಲ. ಸೈಟ್ ಸಾಗಿಸುವ ಶ್ರಮಕ್ಕೂ ಬೆಲೆ ಇದೆಯಲ್ಲ. ಆದರೆ ಮುಂದಿನ ಸಲ ಎಷ್ಟು ಎಂಬುದನ್ನು ಚಾಟ್‌ನಲ್ಲೇ ಬರೆಸಿಕೊಂಡು ಆ ಚಾಟನ್ನು ಮೇಲ್‌ಗೆ ಕಳಿಸಿಕೊಳ್ಳಿ.

ಹೆಸರನ್ನು ಮೊದಲು ಹೊರಗೆ ತನ್ನಿ

ಸೈಟ್ ಸಾಗಿಸುವುದು ದೊಡ್ಡ ಕೆಲಸ ಎಂದು ಎಲ್ಲರೂ ಅದನ್ನೇ ಮೊದಲು ಹಿಡಿಯುತ್ತಾರೆ. ನಾನು ಹೇಳುವುದು ತಿರುಗುಮುರುಗು. ಹೆಸರು ಕೈಯಲ್ಲಿದ್ದರೆ ಹೋಸ್ಟಿಂಗ್ ಕಂಪನಿಯ ಜೊತೆ ಏನೇ ತಕರಾರಾದರೂ ಸೈಟನ್ನು ಬೇರೆಲ್ಲಾದರೂ ನಿಲ್ಲಿಸಬಹುದು. ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಿದ ಮಾತ್ರಕ್ಕೆ ಸೈಟ್ ನಿಲ್ಲುವುದೂ ಇಲ್ಲ. ನೇಮ್‌ಸರ್ವರ್ ಹಾಗೇ ಇರುತ್ತದೆ.

ವರ್ಗಾವಣೆಗೆ ಬೇಕಾದದ್ದು ಇಷ್ಟು. ಹಳೆಯ ಖಾತೆಯಲ್ಲಿ ಡೊಮೇನ್ ಲಾಕ್ ತೆಗೆಯಬೇಕು. ಲಾಕ್ ಇದ್ದಾಗ ಹುಡುಕುವ ಪುಟದಲ್ಲಿ `clientTransferProhibited` ಎಂದು ಕಾಣುತ್ತದೆ. ತೆಗೆದ ಮೇಲೆ ಅದು ಮಾಯವಾಗುತ್ತದೆ. ಆಮೇಲೆ ವರ್ಗಾವಣೆಯ ಗುಪ್ತ ಸಂಕೇತ ಕೇಳಬೇಕು. ಪರದೆಯ ಮೇಲೆ ಅದನ್ನು `Auth Code` ಅಥವಾ `EPP Code` ಎಂದು ಬರೆದಿರುತ್ತಾರೆ. ಬಟನ್ ಸಿಗದಿದ್ದರೆ ಚಾಟ್‌ನಲ್ಲಿ ಕೇಳಿ. ಐಕ್ಯಾನ್ ನಿಯಮದ ಪ್ರಕಾರ ಐದು ದಿನದೊಳಗೆ ಕೊಡಲೇಬೇಕು. ಆ ಸಂಕೇತವನ್ನು ಹೊಸ ಕಂಪನಿಯಲ್ಲಿ ಹಾಕಿ ದುಡ್ಡು ಕಟ್ಟಿದರೆ ಕೆಲಸ ಶುರುವಾಗುತ್ತದೆ. ಹಳೆಯ ಕಂಪನಿ ಸುಮ್ಮನಿದ್ದರೂ ಸುಮಾರು ಐದು ದಿನದಲ್ಲಿ ಹೆಸರು ತಾನಾಗಿ ಹೊಸ ಕಡೆಗೆ ಬರುತ್ತದೆ.

ಕೊಟ್ಟ ದುಡ್ಡು ದಂಡವಲ್ಲ. `.com` ವರ್ಗಾವಣೆಯಲ್ಲಿ ಒಂದು ವರ್ಷದ ಶುಲ್ಕ ಸೇರಿರುತ್ತದೆ, ಆ ವರ್ಷ ಈಗಿನ ಕೊನೆಯ ದಿನಕ್ಕೆ ಕೂಡುತ್ತದೆ. ಭಾವನ ಹೆಸರು ಆಗಸ್ಟ್ 23ರಂದು ಹೊಸ ಕಡೆಗೆ ಬಂತು. ಆದರೆ ಹೊಸ ಅವಧಿ 2026ರ ಆಗಸ್ಟ್ 23ಕ್ಕಲ್ಲ, ಸೆಪ್ಟೆಂಬರ್ 14ಕ್ಕೆ ಮುಗಿಯುವುದು. ಮೂರು ವಾರ ಮುಂಚೆ ಹೊರಟಿದ್ದಕ್ಕೆ ಒಂದು ದಿನವೂ ನಷ್ಟವಾಗಲಿಲ್ಲ.

ಇಲ್ಲಿ ಎಡವುವ ಜಾಗಗಳು ಮೂರು.

ಹೆಸರು ಕೊಂಡು 60 ದಿನ ಆಗಿಲ್ಲದಿದ್ದರೆ, ಅಥವಾ ಕಳೆದ 60 ದಿನದಲ್ಲಿ ಒಮ್ಮೆ ವರ್ಗಾಯಿಸಿದ್ದರೆ ಮತ್ತೆ ವರ್ಗಾಯಿಸಲು ಆಗುವುದಿಲ್ಲ.

ಎರಡನೆಯದು ಅವಧಿ ಮುಗಿದ ಮೇಲೆ ವರ್ಗಾಯಿಸುವುದು. ಉದಾಹರಣೆಗೆ, ಅವಧಿ ಮುಗಿದ ಮೇಲೆ ಹಳೆಯ ಕಂಪನಿಗೇ ದುಡ್ಡು ಕಟ್ಟಿ ರಿನ್ಯೂ ಮಾಡಿ, ಆ 45 ದಿನದೊಳಗೇ ಬೇರೆ ಕಡೆಗೆ ಹೊರಟಿರಿ ಎಂದುಕೊಳ್ಳಿ. ಆಗ ಹಳೆಯ ಕಡೆ ಕಟ್ಟಿದ ವರ್ಷ ಲೆಕ್ಕದಿಂದ ಬಿದ್ದುಹೋಗಬಹುದು. ಹೊಸ ಕಡೆಯ ಒಂದು ವರ್ಷ ಮಾತ್ರ ಉಳಿಯುತ್ತದೆ. ಮೂಲ ಪಟ್ಟಿಯ ಕಂಪನಿ ಹಳೆಯ ರಿಜಿಸ್ಟ್ರಾರ್‌ಗೆ ಆ ಹಣ ವಾಪಸ್ ಕೊಡುತ್ತದೆ. ಅವರು ನಿಮಗೆ ಕೊಡುತ್ತಾರೆ ಎಂಬ ಭರವಸೆ ಇಲ್ಲ. ಹಾಗಾಗಿ ಹೊರಡುವುದಾದರೆ ಅವಧಿ ಮುಗಿಯುವ ಮುಂಚೆ ಹೊರಡಿ. ತಡವಾಗಿ ರಿನ್ಯೂ ಮಾಡಿದ್ದರೆ ಆ 45 ದಿನ ಕಳೆದ ಮೇಲೆ ಹೊರಡಿ.

ಮೂರನೆಯದು ನಮಗೇ ಎದುರಾಯಿತು. ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಮೇಲ್ ಐಡಿಯಲ್ಲೇ ಕೊಂಡಿದ್ದ. ನಮ್ಮ ಕಡೆ ಇದು ತುಂಬ ಸಾಮಾನ್ಯ. ಅವನು ಒಳ್ಳೆಯವನೇ, ಆದರೆ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಫೋನಿಗೆ ಸಿಗಲು ಆರು ದಿನ ಆಯಿತು. ಸಿಕ್ಕಿದ ಮೇಲೆ ಭಾವ, "ಮೊದಲು ಎಲ್ಲವನ್ನೂ ನನ್ನ ಹೆಸರಿಗೆ ಮಾಡಿಕೊಡು" ಎಂದರು. ನಾನು ತಡೆದೆ. ಮಾಲೀಕರ ಹೆಸರನ್ನೋ ಮೇಲ್ ಐಡಿಯನ್ನೋ ಬದಲಿಸಿದರೆ ಹಲವು ರಿಜಿಸ್ಟ್ರಾರ್‌ಗಳು 60 ದಿನ ವರ್ಗಾವಣೆಗೆ ಬೀಗ ಹಾಕುತ್ತಾರೆ. ಆದ್ದರಿಂದ ಸಂಕೇತವನ್ನು ಅವನಿಂದಲೇ ತರಿಸಿಕೊಂಡೆವು. ಒಪ್ಪಿಗೆಯ ಮೇಲ್ ಅವನಿಗೇ ಹೋಯಿತು, ಅವನೇ ಒಪ್ಪಿದ. ಹೆಸರು ಭಾವನ ಹೊಸ ಖಾತೆಗೆ ಬಂದ ಮೇಲೆ ಮಾಲೀಕರ ವಿವರ ಬದಲಿಸಿದೆವು. ನಿಮ್ಮ ಡೊಮೇನ್ ಯಾರ ಮೇಲ್ ಐಡಿಯಲ್ಲಿದೆ ಎಂದು ಇವತ್ತೇ ನೋಡಿ, ಬಿಲ್ ಬರುವ ತನಕ ಕಾಯಬೇಡಿ.

ಜಾಗ ಬದಲಿಸುವುದು

ಮೊದಲ ಪ್ರಶ್ನೆ, ಸೈಟಿಗೆ ನಿಜವಾಗಿ ಏನು ಬೇಕು? ಪುಟಗಳು ಅಪರೂಪಕ್ಕೆ ಮಾತ್ರ ಬದಲಾಗುವುದಾದರೆ, ಸೈಟನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿಸಿ ಗಿಟ್‌ಹಬ್ ಪೇಜಸ್ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಪುಕ್ಕಟೆ ಇಡಬಹುದು. ಭಾವ ಎರಡು ತಿಂಗಳಿಗೊಮ್ಮೆ ತಾವೇ ದರ ಬದಲಿಸುತ್ತಾರೆ. ಅದಕ್ಕೆ ವರ್ಡ್‌ಪ್ರೆಸ್ ಅಭ್ಯಾಸವಾಗಿದೆ. ಪ್ರತಿ ಸಲ ನನ್ನನ್ನೋ ಆ ಹುಡುಗನನ್ನೋ ಕೇಳುವ ಹಾಗಾದರೆ ಉಳಿತಾಯಕ್ಕಿಂತ ಕಿರಿಕಿರಿ ಜಾಸ್ತಿ. ಹಾಗಾಗಿ ಇನ್ನೊಂದು ಸಣ್ಣ ಹೋಸ್ಟಿಂಗ್ ಹುಡುಕಿದೆವು. ಮೊದಲ ವರ್ಷಕ್ಕೂ ಆಮೇಲೂ ತಿಂಗಳಿಗೆ ₹199 ಇರುವಂಥದ್ದು, ಅದೂ ಆ ಬೆಲೆ ಅವರ ದರಪಟ್ಟಿಯಲ್ಲಿ ಕಾಣುವ ಹಾಗೆ ಬರೆದಿರುವಂಥದ್ದು.

ಬ್ಯಾಕಪ್‌ಗೆ ಹಳೆಯ ಕಂಪನಿಯ ಹಣದ ಸೇವೆ ಬೇಕಾಗಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ `public_html` ಫೋಲ್ಡರನ್ನು ಜಿಪ್ ಮಾಡಿ ಇಳಿಸಿಕೊಳ್ಳಿ. `phpMyAdmin` ತೆರೆದು ಡೇಟಾಬೇಸನ್ನು ಎಕ್ಸ್‌ಪೋರ್ಟ್ ಮಾಡಿ. ವರ್ಡ್‌ಪ್ರೆಸ್‌ನಲ್ಲಿ ಬರಹ, ದರಪಟ್ಟಿ ಎಲ್ಲ ಇರುವುದು ಈ ಡೇಟಾಬೇಸ್‌ನಲ್ಲಿ. ಫೋಲ್ಡರ್ ಮಾತ್ರ ಇಳಿಸಿಕೊಂಡು ಡೇಟಾಬೇಸ್ ಮರೆತರೆ ಫೋಟೊಗಳು ಉಳಿದು ಅಕ್ಷರ ಹೋಗುತ್ತದೆ. ಹೊಸ ಕಡೆ ಎರಡನ್ನೂ ಏರಿಸಿ, `wp-config.php` ಫೈಲಿನಲ್ಲಿ ಹೊಸ ಡೇಟಾಬೇಸಿನ ಹೆಸರು, ಬಳಕೆದಾರ, ಪಾಸ್‌ವರ್ಡ್ ಬದಲಿಸಬೇಕು. ಹೊಸ ಗಿರಾಕಿಗಳಿಗೆ ಇದನ್ನೆಲ್ಲ ಪುಕ್ಕಟೆ ಮಾಡಿಕೊಡುವ ಹೋಸ್ಟಿಂಗ್ ಕಂಪನಿಗಳೂ ಇವೆ. ಕೇಳಿ.

ಮುಂದಿನದ್ದು ಡಿಎನ್‌ಎಸ್ ದಾಖಲೆಗಳು, ಅಂದರೆ ನಿಮ್ಮ ಹೆಸರಿನ ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಹೋಗಬೇಕು ಎಂದು ನೇಮ್‌ಸರ್ವರ್‌ನಲ್ಲಿ ಬರೆದಿಟ್ಟಿರುವ ಸಾಲುಗಳು. ಈಗ ಏನೇನಿದೆ ಎಂದು ಹಳೆಯ ಕಂಪನಿಯ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಹೀಗೂ ನೋಡಬಹುದು. `example.com` ಜಾಗದಲ್ಲಿ ನಿಮ್ಮ ಹೆಸರು ಹಾಕಿ:

```
dig NS example.com +short
dig A example.com +short
dig MX example.com +short
dig TXT example.com +short
```

ಮೂರನೆಯ ಸಾಲಿನ ಉತ್ತರ ಮೇಲ್ ಎಲ್ಲಿಗೆ ಹೋಗುತ್ತಿದೆ ಎಂದು ಹೇಳುತ್ತದೆ. ಸೈಟ್ ಸಾಗಿಸುವವರಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ. ಸೈಟ್ ಚೆನ್ನಾಗಿ ಕಾಣುತ್ತಿರುತ್ತದೆ, ಎಲ್ಲರೂ ಖುಷಿಯಲ್ಲಿರುತ್ತಾರೆ, ನಾಲ್ಕು ದಿನದಿಂದ ಒಂದೂ ಆರ್ಡರ್ ಮೇಲ್ ಬಂದಿಲ್ಲ ಎಂಬುದು ಆಮೇಲೆ ಗೊತ್ತಾಗುತ್ತದೆ. ನೇಮ್‌ಸರ್ವರ್ ಬದಲಿಸಿದಾಗ ಹಳೆಯ ಕಡೆಯ ಎಲ್ಲ ದಾಖಲೆಗಳೂ ಕೆಲಸ ನಿಲ್ಲಿಸುತ್ತವೆ. ಹೊಸ ಕಡೆ ಎಂಎಕ್ಸ್ ದಾಖಲೆ ಇಲ್ಲದಿದ್ದರೆ ಮೇಲ್ ಬರುವುದಿಲ್ಲ.

ಭಾವನ ಎರಡೂ ಮೇಲ್‌ಪೆಟ್ಟಿಗೆ ಹಳೆಯ ಹೋಸ್ಟಿಂಗಿನೊಳಗೇ ಇದ್ದವು. ಅಂದರೆ ಹೋಸ್ಟಿಂಗ್ ರದ್ದಾದ ದಿನ ಒಂದು ವರ್ಷದ ಪತ್ರವ್ಯವಹಾರವೂ ಹೋಗುತ್ತಿತ್ತು. ಹೊಸ ಕಡೆ ಅದೇ ಹೆಸರಿನ ಎರಡು ಪೆಟ್ಟಿಗೆ ತೆರೆದೆವು. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರ್ ಹಾಕಿ ಹಳೆಯದು, ಹೊಸದು ಎರಡನ್ನೂ ಐಮ್ಯಾಪ್ ಮೂಲಕ ಸೇರಿಸಿ, ಹಳೆಯ ಪೆಟ್ಟಿಗೆಯ ಮೇಲ್‌ಗಳನ್ನು ಹೊಸದಕ್ಕೆ ನಕಲು ಮಾಡಿದೆವು. ಇಲ್ಲಿ ಸರ್ವರ್ ಹೆಸರಿನ ಜಾಗದಲ್ಲಿ `mail.example.com` ಎಂದು ಹಾಕಬೇಡಿ. ನೇಮ್‌ಸರ್ವರ್ ಬದಲಾದ ಕೂಡಲೇ ಅದು ಹೊಸ ಕಡೆಗೆ ತಿರುಗುತ್ತದೆ, ಹಳೆಯ ಪೆಟ್ಟಿಗೆ ಕಾಣುವುದೇ ಇಲ್ಲ. ಹಳೆಯ ಕಂಪನಿ ಕೊಟ್ಟಿರುವ ಸರ್ವರಿನ ಸ್ವಂತ ಹೆಸರನ್ನೇ ಹಾಕಿ.

ಎಲ್ಲವೂ ಏರಿದ ಮೇಲೆ, ಲೋಕಕ್ಕೆ ತೋರಿಸುವ ಮುಂಚೆ ನೀವೊಬ್ಬರೇ ಹೊಸ ಸೈಟನ್ನು ನೋಡಬಹುದು. ವಿಂಡೋಸ್‌ನಲ್ಲಿ `C:\Windows\System32\drivers\etc\hosts` ಫೈಲನ್ನು ಅಡ್ಮಿನ್ ಆಗಿ ತೆರೆದು ಹೊಸ ಸರ್ವರಿನ ಐಪಿ ವಿಳಾಸ ಸೇರಿಸಿ:

```
203.0.113.25  example.com www.example.com
```

ಈಗ ನಿಮ್ಮ ಕಂಪ್ಯೂಟರಿಗೆ ಮಾತ್ರ ಹೊಸ ಸೈಟ್ ಕಾಣುತ್ತದೆ. ಬೀಗದ ಗುರುತಿನ ಬದಲು ಎಚ್ಚರಿಕೆ ಬಂದರೆ ಹೆದರಬೇಡಿ, ಎಸ್‌ಎಸ್‌ಎಲ್ ಪ್ರಮಾಣಪತ್ರ ಹೊಸ ಕಡೆ ಸಿಗುವುದು ಸಾಮಾನ್ಯವಾಗಿ ಹೆಸರು ಅಲ್ಲಿಗೆ ತಿರುಗಿದ ಮೇಲೆ. ಪ್ರತಿ ಪುಟ ತೆರೆಯಿರಿ, ಫಾರ್ಮ್ ತುಂಬಿ ಕಳಿಸಿ. ನೋಡಿಯಾದ ಮೇಲೆ ಆ ಸಾಲನ್ನು ಅಳಿಸಿ. ಮರೆತರೆ ಮುಂದೆ ಸೈಟ್ ಕೆಟ್ಟರೂ ನಿಮಗೊಬ್ಬರಿಗೆ ಗೊತ್ತಾಗುವುದಿಲ್ಲ.

ಕೊನೆಗೆ ಹೊಸ ರಿಜಿಸ್ಟ್ರಾರ್ ಖಾತೆಯಲ್ಲಿ ನೇಮ್‌ಸರ್ವರ್ ಬದಲಿಸಿ. ಅದಕ್ಕೆ ಮುಂಚೆ, ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ಕೀಲಿಯಿಂದ ಪರೀಕ್ಷಿಸುವ ಡಿಎನ್‌ಎಸ್‌ಸೆಕ್ ಚಾಲೂ ಇದೆಯೇ ನೋಡಿ. ಇದ್ದರೆ ಮೊದಲು ಆರಿಸಿ, ಒಂದು ದಿನ ಬಿಟ್ಟು ನೇಮ್‌ಸರ್ವರ್ ಬದಲಿಸಿ. ಹಳೆಯ ಕೀಲಿ ಉಳಿದುಬಿಟ್ಟರೆ ಕೆಲವರಿಗೆ ಸೈಟ್ ತೆರೆಯುತ್ತದೆ, ಕೆಲವರಿಗೆ ಇಲ್ಲ, ಕಾರಣ ಹುಡುಕುವುದೇ ಕಷ್ಟವಾಗುತ್ತದೆ. `.com` ಪಟ್ಟಿಯಲ್ಲಿ ನೇಮ್‌ಸರ್ವರ್ ಮಾಹಿತಿ ಎರಡು ದಿನದವರೆಗೆ ಹಳೆಯದೇ ನೆನಪಿನಲ್ಲಿ ಉಳಿಯಬಹುದು. ಅಷ್ಟು ದಿನ ಹಳೆಯ ಹೋಸ್ಟಿಂಗ್ ಬದುಕಿರಲೇಬೇಕು. ಭಾವನ ಸೈಟನ್ನು ಆಗಸ್ಟ್ 28ಕ್ಕೆ ತಿರುಗಿಸಿದೆವು, ಹಳೆಯದು ಸೆಪ್ಟೆಂಬರ್ 14ರವರೆಗೆ ಇತ್ತು. ತಿರುಗಿಸಿದ ಮರುದಿನವೂ ಒಂದು ವಿಚಾರಣೆ ಮೇಲ್ ಹಳೆಯ ಪೆಟ್ಟಿಗೆಗೇ ಬಂದಿತ್ತು. ಎರಡೂ ಕಡೆ ನೋಡುತ್ತಿದ್ದರಿಂದ ಸಿಕ್ಕಿತು.

ದುಡ್ಡು ಆಗಲೇ ಕಡಿತವಾಗಿದ್ದರೆ

ಅದೇ ದಿನ ಬರೆಯಿರಿ. `.com`ನಲ್ಲಿ ನಾವಾಗಿ ಮಾಡಿದ ರಿನ್ಯೂವಲನ್ನು ಐದು ದಿನದೊಳಗೆ ರದ್ದು ಮಾಡಿದರೆ ರಿಜಿಸ್ಟ್ರಾರ್‌ಗೆ ಮೂಲ ಶುಲ್ಕ ವಾಪಸ್ ಸಿಗುತ್ತದೆ. ಹಾಗಾಗಿ ಆ ಐದು ದಿನದಲ್ಲಿ ಒಪ್ಪಿಸುವುದು ಸುಲಭ, ಆಮೇಲೆ ಕಷ್ಟ. ಆದರೆ ಕೇಳುವಾಗ ಎಚ್ಚರ: ಕೆಲವು ಕಂಪನಿಗಳಲ್ಲಿ ಡೊಮೇನ್ ರೀಫಂಡ್ ಎಂದರೆ ಹೆಸರನ್ನೇ ಅಳಿಸುವುದು. ಹೆಸರು ನನ್ನ ಹತ್ತಿರವೇ ಉಳಿಯುತ್ತದೆಯಾ ಎಂದು ಬರಹದಲ್ಲಿ ಕೇಳಿ. ಹೋಸ್ಟಿಂಗಿನ 30 ದಿನದ ಹಣ ವಾಪಸ್ ಭರವಸೆ ಬಹಳ ಕಡೆ ಮೊದಲ ಖರೀದಿಗೆ ಮಾತ್ರ. ಆದರೂ ಹೋಸ್ಟಿಂಗ್, ಪ್ರೈವೆಸಿ, ಬ್ಯಾಕಪ್ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಬಳಸದ ಸೇವೆಯ ದುಡ್ಡನ್ನು ವಾಪಸ್ ಪಡೆಯುವುದು ಹೆಚ್ಚು ಸುಲಭ.

ಬೆಲೆ ಏರಿಸಿದ್ದೇ ಕಾನೂನುಬಾಹಿರ ಎಂದು ವಾದಿಸಿ ಪ್ರಯೋಜನವಿಲ್ಲ. ರಿನ್ಯೂವಲ್ ಬೆಲೆಯನ್ನು ಮುಚ್ಚಿಟ್ಟಿದ್ದರೆ, ಕೇಳದ ಸೇವೆಯನ್ನು ಬುಟ್ಟಿಗೆ ಸೇರಿಸಿದ್ದರೆ, ರದ್ದು ಮಾಡುವ ದಾರಿಯನ್ನು ಬೇಕೆಂದೇ ಕಷ್ಟ ಮಾಡಿದ್ದರೆ ಮಾತು ಬೇರೆ. ಇಂಥ 13 ಬಗೆಯ ತಂತ್ರಗಳನ್ನು ತಡೆಯುವ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದೆ. ಖರೀದಿಯ ದಿನದ ಬಿಲ್, ಪರದೆಯ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ವ್ಯಾಪಾರಕ್ಕಾಗಿ ಕೊಂಡದ್ದಲ್ಲವೇ ಎಂಬ ಪ್ರಶ್ನೆ ಬರಬಹುದು. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ 2019ರ ಗ್ರಾಹಕ ಕಾಯ್ದೆಯಲ್ಲಿ ನೀವೂ ಗ್ರಾಹಕರೇ.

ಕಾರ್ಡ್ ಕಂಪನಿಯ ಮೂಲಕ ದುಡ್ಡು ಹಿಂದಕ್ಕೆ ಎಳೆಯುವ ಚಾರ್ಜ್‌ಬ್ಯಾಕ್ ದಾರಿಯನ್ನು ಮಾತ್ರ ಡೊಮೇನ್ ಇನ್ನೂ ಅವರ ಕೈಯಲ್ಲಿರುವಾಗ ಹಿಡಿಯಬೇಡಿ. ಪಾವತಿಯ ತಕರಾರು ಇದೆ ಎಂದು ಅವರು ಹೆಸರನ್ನು ತಡೆಹಿಡಿಯಬಹುದು.

ಭಾವನ ಈ ವರ್ಷದ ಖರ್ಚು ಹೀಗಾಯಿತು. ಡೊಮೇನ್ ವರ್ಗಾವಣೆ ₹1,050, ಪ್ರೈವೆಸಿ ಅದರಲ್ಲೇ ಸೇರಿತ್ತು. ಹೋಸ್ಟಿಂಗ್ ₹2,388. ಜಿಎಸ್‌ಟಿ ಸೇರಿ ₹4,057. ಹೋದ ವರ್ಷದ ₹2,110ಕ್ಕಿಂತ ಇದು ಜಾಸ್ತಿಯೇ. ಆದರೆ ಮುಂದಿನ ವರ್ಷದ ಬಿಲ್ಲೂ ಇದರ ಆಸುಪಾಸಿನಲ್ಲೇ ಇರುತ್ತದೆ. ಸೆಪ್ಟೆಂಬರ್ 14 ಕಳೆದ ಮೇಲೆ ಹಳೆಯ ಖಾತೆಯಿಂದ ಕಾರ್ಡಿನ ವಿವರ ಅಳಿಸಿದೆವು. ಘಟಕದ ಗೋಡೆಯಲ್ಲಿರುವ 2026ರ ಕ್ಯಾಲೆಂಡರಿನಲ್ಲಿ ಜುಲೈ 15ರ ಸುತ್ತ ಭಾವ ಪೆನ್ನಿನಿಂದ ಗೆರೆ ಹಾಕಿ 'ಡೊಮೇನ್' ಎಂದು ಬರೆದಿದ್ದಾರೆ. ಅವಧಿ ಮುಗಿಯಲು ಅಂದಿಗೆ ಎರಡು ತಿಂಗಳು ಉಳಿದಿರುತ್ತದೆ.